ಅಂಚೆಯಲ್ಲಿ ಬಂದ ಜಿಎಸ್‌ಟಿ ನೋಟಿಸ್ ನಿಜವಾಗಿ ಕೈಸೇರಿದ ದಿನವನ್ನು ಸಾಬೀತುಪಡಿಸುವ ಕ್ರಮ: ಉತ್ತರದ ಗಡುವು ಮುಗಿದಂತೆ ಕಂಡಾಗ

ಈ ಮಾರ್ಗದರ್ಶಿ ಬೆಂಗಳೂರಿನ ಸಣ್ಣ ಅಂಗಡಿಕಾರರಿಗಾಗಿ, ಅದರಲ್ಲೂ ಜಿಎಸ್‌ಟಿ ನೋಂದಣಿ ಇಲ್ಲದೆ ವ್ಯಾಪಾರ ಮಾಡುತ್ತಿರುವವರಿಗಾಗಿ ಬರೆದದ್ದು. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸಿದಾಗಿನಿಂದ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ಲಕೋಟೆ ತೆರೆದವರು ಪತ್ರದ ಮೇಲಿನ ದಿನಾಂಕ ನೋಡಿ ಏಳು ದಿನ ಎಣಿಸುತ್ತಾರೆ, ಗಡುವು ಆಗಲೇ ಮುಗಿದಿದೆ ಎಂದುಕೊಂಡು ಕೈಚೆಲ್ಲುತ್ತಾರೆ. ಇನ್ನು ಕೆಲವರು ಸಾಕ್ಷ್ಯವೆಲ್ಲ ಕೂಡಿದ ಮೇಲೆ ಉತ್ತರ ಕೊಡೋಣವೆಂದು ಕಾಯುತ್ತ ನಿಜವಾಗಿ ಉಳಿದಿದ್ದ ದಿನಗಳನ್ನೂ ಕಳೆದುಕೊಳ್ಳುತ್ತಾರೆ. ಮಾಡಬೇಕಾದ ಕೆಲಸಗಳು ಹೆಚ್ಚೇನಿಲ್ಲ, ಆದರೆ ಅವುಗಳ ಕ್ರಮ ತಪ್ಪಬಾರದು.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ನಾಗರಬಾವಿಯಲ್ಲಿ ಕಾಂಡಿಮೆಂಟ್ಸ್ ನಡೆಸುವ ಒಬ್ಬರಿಗೆ ಬಂದ ನೋಟಿಸಿನ ಮೇಲೆ ಜುಲೈ 2ರ ದಿನಾಂಕವಿದೆ, ಮತ್ತು ಅದು "ಈ ನೋಟಿಸ್ ತಲುಪಿದ 7 ದಿನಗಳೊಳಗೆ" ಉತ್ತರ ಕೇಳುತ್ತದೆ. ಲಕೋಟೆ ಸ್ಪೀಡ್ ಪೋಸ್ಟ್‌ನಲ್ಲಿ ಬುಕ್ ಆಗಿರುವುದು ಜುಲೈ 9ರಂದು. ಅಂಚೆಯ ಜಾಲತಾಣವು ಜುಲೈ 11ರ ಸಂಜೆ 4.52ಕ್ಕೆ ಬಟವಾಡೆ ಆಗಿದೆ ಎನ್ನುತ್ತದೆ. ಅಂಗಡಿಯವರು ತಂದೆಯ ತಿಥಿಗೆಂದು 10ರ ಸಂಜೆಯೇ ಬಾಗಿಲು ಹಾಕಿ ಹಾಸನದ ಕಡೆಯ ತಮ್ಮ ಊರಿಗೆ ಹೋಗಿದ್ದರು, 14ರ ರಾತ್ರಿ ಮರಳಿದರು. ಪಕ್ಕದ ಟೈಲರ್ ಅಂಗಡಿಯವರು ಲಕೋಟೆಯನ್ನು ಇಸಿದುಕೊಂಡು ಮೇಜಿನ ಖಾನೆಯಲ್ಲಿ ಇಟ್ಟಿದ್ದು, 15ರ ಬೆಳಿಗ್ಗೆ ಇವರ ಕೈಗೆ ಕೊಟ್ಟರು. ಇವರು ತೆರಿಗೆ ಸಲಹೆಗಾರರ ಬಳಿ ಬಂದದ್ದು 19ರ ಶನಿವಾರ.

## ಹಂತ 1: ಯಾವ ದಿನದಿಂದ ಎಣಿಕೆ ಎಂಬುದನ್ನು ಮೊದಲು ಓದಿಕೊಳ್ಳಿ

ನೋಟಿಸಿನಲ್ಲಿ ಗಡುವನ್ನು ಸೂಚಿಸುವ ವಾಕ್ಯವನ್ನು ಹುಡುಕಿ ಅದರ ಕೆಳಗೆ ಗೆರೆ ಎಳೆಯಿರಿ. ಅದು "ತಲುಪಿದ ದಿನದಿಂದ" ಎಂದಿದ್ದರೆ ನಿಮಗೆ ತಲುಪಿದ ದಿನವೇ ಎಣಿಕೆಯ ಮೂಲ, ಮತ್ತು ಆ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಬೇಕು. "ಇಂಥ ದಿನಾಂಕದಂದು ಅಥವಾ ಅದಕ್ಕಿಂತ ಮೊದಲು" ಎಂದು ನಿಶ್ಚಿತ ದಿನ ಬರೆದಿದ್ದರೆ, ತಡವಾಗಿ ತಲುಪಿತೆಂದು ಸಾಬೀತುಪಡಿಸಿದ ಮಾತ್ರಕ್ಕೆ ಆ ದಿನ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಆಗ ನಿಮ್ಮ ಸಾಕ್ಷ್ಯವು ಕಾಲಾವಕಾಶ ಕೇಳುವುದಕ್ಕೆ ಸಕಾರಣವಾಗುತ್ತದೆಯೇ ಹೊರತು ಗಡುವು ಇನ್ನೂ ಇದೆ ಎಂಬ ವಾದವಾಗುವುದಿಲ್ಲ. ಎರಡನ್ನೂ ಬೆರೆಸಿ ಬರೆದ ಪತ್ರಗಳು ಕಚೇರಿಯಲ್ಲಿ ಬೇಗ ತಿರಸ್ಕೃತವಾಗುತ್ತವೆ.

ನಮ್ಮ ಉದಾಹರಣೆಯಲ್ಲಿ ಮೂರು ಎಣಿಕೆಗಳು ಸಾಧ್ಯ. ಪತ್ರದ ದಿನಾಂಕದಿಂದ ಎಣಿಸಿದರೆ ಗಡುವು ಜುಲೈ 9ಕ್ಕೆ, ಅಂದರೆ ಪತ್ರ ಅಂಚೆಗೆ ಬಿದ್ದ ದಿನವೇ ಮುಗಿಯುತ್ತದೆ. ನೋಟಿಸಿನ ಭಾಷೆಗೆ ಈ ಎಣಿಕೆ ಹೊಂದುವುದೇ ಇಲ್ಲ. ಜಾಲತಾಣದ 11ನೇ ತಾರೀಖಿನಿಂದ ಎಣಿಸಿದರೆ 18ಕ್ಕೆ ಮುಗಿಯುತ್ತದೆ. ಕೈಸೇರಿದ 15ರಿಂದ ಎಣಿಸಿದರೆ 22ರವರೆಗೆ ಸಮಯವಿದೆ. ಹಾಗಾಗಿ ನಿಜವಾದ ವ್ಯಾಜ್ಯವಿರುವುದು 11 ಮತ್ತು 15ರ ನಡುವಿನ ನಾಲ್ಕು ದಿನಗಳ ಬಗ್ಗೆ ಮಾತ್ರ.

ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ, ಅಥವಾ ಹಿಂದೆ ಇದ್ದು ಈಗ ರದ್ದಾಗಿದ್ದರೆ, ಮುಂದಕ್ಕೆ ಓದುವ ಮೊದಲು ನಿಮ್ಮ ನೋಂದಾಯಿತ ಇ-ಮೇಲ್ ಮತ್ತು ಜಿಎಸ್‌ಟಿ ಪೋರ್ಟಲ್ ಎರಡನ್ನೂ ತೆರೆದು ನೋಡಿ. ಜಿಎಸ್‌ಟಿ ಕಾಯ್ದೆಯ 169ನೇ ಕಲಂ ಅಂಚೆಯಂತೆಯೇ ಇ-ಮೇಲ್ ಮತ್ತು ಪೋರ್ಟಲ್ಲನ್ನೂ ಜಾರಿಯ ಮಾರ್ಗಗಳೆಂದು ಒಪ್ಪುತ್ತದೆ. ಅದೇ ನೋಟಿಸ್ ಅಲ್ಲಿ ಮೊದಲೇ ಬಂದು ಕುಳಿತಿದ್ದರೆ ಲಕೋಟೆಯ ದಿನಾಂಕವೊಂದನ್ನೇ ನಂಬಿ ವಾದಿಸುವುದು ಅಪಾಯಕರ.

## ಹಂತ 2: ಕಾನೂನಿನ ಊಹೆ ಎಲ್ಲಿದೆ, ಅದನ್ನು ಯಾರು ಮುರಿಯಬೇಕು

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ ನೋಟಿಸ್, ಅಂಥ ಅಂಚೆ ತಲುಪಲು ಸಾಮಾನ್ಯವಾಗಿ ಬೇಕಾಗುವ ಅವಧಿ ಮುಗಿದೊಡನೆ ತಲುಪಿದೆ ಎಂದು ಭಾವಿಸಬೇಕೆಂದು 169(3)ನೇ ಉಪಕಲಂ ಹೇಳುತ್ತದೆ, ಆದರೆ ಅದಕ್ಕೆ ವಿರುದ್ಧವಾದದ್ದು ಸಾಬೀತಾಗದಿದ್ದರೆ ಮಾತ್ರ ಎಂಬ ಷರತ್ತನ್ನೂ ಇಡುತ್ತದೆ. ಜನರಲ್ ಕ್ಲಾಸಸ್ ಆಕ್ಟ್, 1897ರ 27ನೇ ಕಲಮಿನ ಧಾಟಿಯೂ ಇದೇ: ಸರಿಯಾದ ವಿಳಾಸ ಬರೆದು, ಶುಲ್ಕ ಕಟ್ಟಿ, ನೋಂದಾಯಿತ ಅಂಚೆಗೆ ಹಾಕಿದ್ದರೆ ತಲುಪಿದೆ ಎಂದೇ ಊಹೆ. ಬೆಂಗಳೂರಿನೊಳಗೇ 9ರಂದು ಬುಕ್ ಆದ ಸ್ಪೀಡ್ ಪೋಸ್ಟ್ 11ಕ್ಕೆ ತಲುಪಿತೆಂದರೆ ಯಾರೂ ಅಚ್ಚರಿಪಡುವುದಿಲ್ಲ. ಆದ್ದರಿಂದ ಈ ಊಹೆಯನ್ನು ಮುರಿಯುವ ಹೊಣೆ ನಿಮ್ಮದು. "ನನಗೆ ತಡವಾಗಿ ಬಂತು" ಎಂದು ಬರೆದುಕೊಟ್ಟರೆ ಅದು ಮುರಿಯುವುದಿಲ್ಲ.

ಇಲ್ಲೇ ಒಂದು ಕಹಿ ಮಾತನ್ನೂ ಹೇಳಬೇಕು. ಕೈಸೇರಿದ ದಿನ ಎಂದರೆ ನೀವು ಓದಿದ ದಿನವಲ್ಲ. ನೋಟಿಸನ್ನು ನೇರವಾಗಿ ಅಥವಾ ಆಳಿನ ಮೂಲಕ ಕೊಡುವ ಸಂದರ್ಭದಲ್ಲಿ ಯಾರ ಕೈಗೆ ಕೊಟ್ಟರೆ ಸಾಕೆಂದು 169(1)ನೇ ಉಪಕಲಮಿನ ಮೊದಲ ಖಂಡ ಹೆಸರಿಸುತ್ತದೆ: ನೀವು, ನಿಮ್ಮ ಮ್ಯಾನೇಜರ್ ಅಥವಾ ಅಧಿಕೃತ ಪ್ರತಿನಿಧಿ, ನಿಮ್ಮ ವ್ಯಾಪಾರದಲ್ಲಿ ಕಾಯಂ ಕೆಲಸಕ್ಕಿರುವ ವ್ಯಕ್ತಿ, ನಿಮ್ಮೊಂದಿಗೆ ವಾಸವಿರುವ ವಯಸ್ಕ ಕುಟುಂಬಸ್ಥರು. ಅಂಚೆಯ ವಿಷಯದಲ್ಲೂ ಅಧಿಕಾರಿಗಳು ಸಹಜವಾಗಿ ಇದೇ ಅಳತೆಗೋಲನ್ನು ಹಿಡಿಯುತ್ತಾರೆ. 11ರಂದು ನಿಮ್ಮ ಅಂಗಡಿಯ ಹುಡುಗನೇ ಸಹಿ ಹಾಕಿ ತೆಗೆದುಕೊಂಡು 15ಕ್ಕೆ ನಿಮಗೆ ಕೊಟ್ಟಿದ್ದರೆ ತಲುಪಿದ ದಿನ 11 ಎಂದೇ ಒಪ್ಪಿಕೊಂಡು ಕಾಲಾವಕಾಶ ಕೇಳುವುದು ಸರಿಯಾದ ದಾರಿ. ಪಕ್ಕದ ಟೈಲರ್ ಈ ಪಟ್ಟಿಯಲ್ಲಿಲ್ಲ, ಅಪಾರ್ಟ್‌ಮೆಂಟಿನ ಕಾವಲುಗಾರರೂ ಇಲ್ಲ. ನಮ್ಮ ಉದಾಹರಣೆಗೆ ಬಲ ಬರುವುದು ಇಲ್ಲಿಂದ.

## ಹಂತ 3: ಲಕೋಟೆಯನ್ನು ಕಾಪಾಡಿ

ಅನೇಕರು ಪತ್ರವನ್ನು ಜೋಪಾನವಾಗಿ ಫೈಲಿಗೆ ಸೇರಿಸಿ ಲಕೋಟೆಯನ್ನು ಹರಿದು ಎಸೆಯುತ್ತಾರೆ. ತಾರೀಖಿನ ವಿಚಾರದಲ್ಲಿ ಪತ್ರಕ್ಕಿಂತ ಲಕೋಟೆಯೇ ಮುಖ್ಯ, ಏಕೆಂದರೆ ಪತ್ರದ ಮೇಲಿನ ದಿನಾಂಕವನ್ನು ಅಧಿಕಾರಿ ಬರೆದಿರುತ್ತಾರೆ, ಲಕೋಟೆಯ ಮೇಲಿನದನ್ನು ಅಂಚೆ ಇಲಾಖೆ ಅಚ್ಚು ಹಾಕಿರುತ್ತದೆ. ಅದರ ಮೇಲಿನ ಬಾರ್‌ಕೋಡ್ ಚೀಟಿಯಲ್ಲಿ `EK123456789IN` ಮಾದರಿಯ, ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ `IN` ಇರುವ ಹದಿಮೂರು ಸ್ಥಾನಗಳ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದೇ ಚೀಟಿಯಲ್ಲಿ ಬುಕ್ ಮಾಡಿದ ಕಚೇರಿ ಮತ್ತು ದಿನಾಂಕ ಸಿಗುತ್ತವೆ. ಹಿಂಬದಿಯಲ್ಲಿ ಬಟವಾಡೆ ಕಚೇರಿಯ ಮೊಹರು ಅಥವಾ ಪೋಸ್ಟ್‌ಮ್ಯಾನ್ ಪೆನ್ನಿನಲ್ಲಿ ಗೀಚಿದ ಷರಾ ಇದ್ದರೆ ಅದನ್ನೂ ಬಿಡಬೇಡಿ. "ಬಾಗಿಲು ಹಾಕಿದೆ" ಎಂಬ ಒಂದು ಸಾಲಿನ ಷರಾ ಎಷ್ಟೋ ಪುಟಗಳ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಲಕೋಟೆಯ ಎರಡೂ ಬದಿಯ ಫೋಟೊ ತೆಗೆಯಿರಿ, ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ವಾಟ್ಸ್ಆ್ಯಪ್ ಮೂಲಕ ಫೋಟೊವಾಗಿ ಕಳಿಸಿದಾಗ ತೆಗೆದ ಸಮಯದ ಒಳಮಾಹಿತಿ ಅಳಿಸಿಹೋಗುತ್ತದೆ, ಆದ್ದರಿಂದ ಕಳಿಸಿದ ಪ್ರತಿಯನ್ನು ಮೂಲವೆಂದು ಭಾವಿಸಬೇಡಿ. ಆದರೆ ಸಂದೇಶ ಹೋದ ಸಮಯಕ್ಕೆ ಅದರದೇ ಬೆಲೆ ಇದೆ. ನಮ್ಮ ಅಂಗಡಿಯವರು 15ರ ಬೆಳಿಗ್ಗೆ 9.40ಕ್ಕೆ ಇನ್ನೂ ತೆರೆಯದ ಲಕೋಟೆಯ ಚಿತ್ರವನ್ನು ಭಾವಮೈದುನನಿಗೆ ಕಳಿಸಿ "ಇದೇನು ನೋಡಪ್ಪ, ಈಗ ಕೊಟ್ಟರು" ಎಂದು ಬರೆದಿದ್ದರು. ವ್ಯಾಜ್ಯದ ಯೋಚನೆಯೇ ಇಲ್ಲದ ಹೊತ್ತಿನಲ್ಲಿ ಬರೆದ ಇಂಥ ಸಾಲು, ಆಮೇಲೆ ಕುಳಿತು ಬರೆಸಿದ ಯಾವ ಹೇಳಿಕೆಗಿಂತಲೂ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಲಕೋಟೆ ಹೋಗಿಯೇಬಿಟ್ಟಿದ್ದರೆ, ನೋಟಿಸ್ ಕಳಿಸಿದ ಕಚೇರಿಯ ರವಾನೆ ವಹಿಯಲ್ಲಿ ಆ ಸಂಖ್ಯೆ ದಾಖಲಾಗಿರುತ್ತದೆ. ಅದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

## ಹಂತ 4: ಸಾಕ್ಷ್ಯಕ್ಕೆ ಕಾಯದೆ ಅಂದೇ ಮೊದಲ ಪತ್ರ ಕೊಡಿ

ಜನ ಎಡವುವುದು ಇಲ್ಲೇ. ಅಂಚೆ ಕಚೇರಿಯ ದಾಖಲೆ ಸಿಗಲು ವಾರಗಳು ಬೇಕಾಗಬಹುದು, ಅಷ್ಟರಲ್ಲಿ ಅಧಿಕಾರಿಯು ಉತ್ತರ ಬಂದಿಲ್ಲವೆಂದು ಆದೇಶ ಹೊರಡಿಸಿದರೆ ಮತ್ತೆ ಮೇಲ್ಮನವಿಯ ದಾರಿ ಹಿಡಿಯಬೇಕಾಗುತ್ತದೆ. ಆದ್ದರಿಂದ ವಿಷಯ ತಿಳಿದ ದಿನವೇ ಒಂದು ಪುಟದ ಪತ್ರ ಬರೆದು, ಗಾಂಧಿನಗರ ಅಥವಾ ಕೋರಮಂಗಲದ ವಾಣಿಜ್ಯ ತೆರಿಗೆ ಕಾರ್ಯಾಲಯವೇ ಆಗಲಿ, ಬೇರೆ ಕಚೇರಿಯೇ ಆಗಲಿ, ನೋಟಿಸಿನಲ್ಲಿ ನಮೂದಿಸಿದ ವಿಳಾಸದ ಟಪಾಲು ವಿಭಾಗಕ್ಕೆ ಎರಡು ಪ್ರತಿಗಳೊಂದಿಗೆ ಹೋಗಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿನ ದಿನಾಂಕ ಓದಲು ಬರುತ್ತಿದೆಯೇ ಎಂದು ಅಲ್ಲೇ ನಿಂತು ನೋಡಿ. ಅದೇ ಪತ್ರವನ್ನು ನೋಟಿಸಿನಲ್ಲಿರುವ ಇ-ಮೇಲ್ ವಿಳಾಸಕ್ಕೂ ಕಳಿಸಿ.

ಎರಡನೇ ಮತ್ತು ನಾಲ್ಕನೇ ಶನಿವಾರ ರಾಜ್ಯ ಸರ್ಕಾರಿ ಕಚೇರಿಗಳಿಗೆ ರಜೆ. ನಮ್ಮ ಉದಾಹರಣೆಯ 19 ಮೂರನೇ ಶನಿವಾರವಾದ್ದರಿಂದ ಟಪಾಲು ತೆರೆದಿತ್ತು. ಅವರು ಕೊಟ್ಟ ಪತ್ರದ ತಿರುಳು ಹೀಗಿತ್ತು:

"ತಾವು ಜುಲೈ 2ರ ದಿನಾಂಕದಲ್ಲಿ ಹೊರಡಿಸಿದ ನೋಟಿಸ್ ಜುಲೈ 9ರಂದು ಸ್ಪೀಡ್ ಪೋಸ್ಟ್‌ನಲ್ಲಿ ಬುಕ್ ಆಗಿ, ಜುಲೈ 15ರಂದು ನನ್ನ ಕೈಸೇರಿರುತ್ತದೆ. ಅಂಚೆ ದಾಖಲೆಯಲ್ಲಿ 11ರಂದು ಬಟವಾಡೆಯಾದಂತೆ ತೋರುತ್ತಿರುವುದು ನನ್ನ ಗಮನದಲ್ಲಿದೆ. ಆ ದಿನ ಲಕೋಟೆಯನ್ನು ಪಡೆದವರು ನನ್ನ ಕುಟುಂಬದವರೂ ಅಲ್ಲ, ನನ್ನ ನೌಕರರೂ ಅಲ್ಲ. ಇದಕ್ಕೆ ಸಂಬಂಧಿಸಿದ ದಾಖಲೆಗಳನ್ನು ಅಂಚೆ ಇಲಾಖೆಯಿಂದ ಕೇಳಿದ್ದೇನೆ, ದೊರೆತೊಡನೆ ಸಲ್ಲಿಸುತ್ತೇನೆ. ನೋಟಿಸಿನಲ್ಲಿ ಹೇಳಿರುವ ವಹಿವಾಟಿನ ಮೊತ್ತವನ್ನು ನಾನು ಒಪ್ಪಿರುವುದಿಲ್ಲ. ನನ್ನ ಉತ್ತರವನ್ನು 22ರೊಳಗೆ ಸಲ್ಲಿಸುತ್ತೇನೆ. ಒಂದು ವೇಳೆ ತಾವು ಬಟವಾಡೆಯ ದಿನವನ್ನು 11 ಎಂದೇ ಪರಿಗಣಿಸುವುದಾದರೆ, ಮೇಲಿನ ಕಾರಣಗಳಿಗಾಗಿ 22ರವರೆಗೆ ಕಾಲಾವಕಾಶ ನೀಡಬೇಕೆಂದೂ, ವೈಯಕ್ತಿಕ ವಿಚಾರಣೆಗೆ ಅವಕಾಶ ಕೊಡಬೇಕೆಂದೂ ಕೋರುತ್ತೇನೆ."

ಈ ಪತ್ರದಲ್ಲಿ ನನಗೆ ಮುಖ್ಯವೆನಿಸುವುದು ತನಗೆ ಪ್ರತಿಕೂಲವಾದ 11ನೇ ತಾರೀಖನ್ನು ಬರೆದವರೇ ಮೊದಲು ಹೇಳಿಬಿಡುವುದು. ಅಧಿಕಾರಿಯ ಕಡತದಲ್ಲಿ ಬಟವಾಡೆಯ ವರದಿ ಹೇಗೂ ಇರುತ್ತದೆ, ಅದನ್ನು ಮುಚ್ಚಿಟ್ಟಂತೆ ಕಂಡರೆ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ವೈಯಕ್ತಿಕ ವಿಚಾರಣೆಯನ್ನು ಬರಹದಲ್ಲಿ ಕೇಳಿದವರಿಗೆ ಅದನ್ನು ಕೊಡಬೇಕೆಂದು 75(4)ನೇ ಉಪಕಲಂ ಹೇಳುತ್ತದೆ. ಸಕಾರಣ ತೋರಿಸಿದರೆ ವಿಚಾರಣೆಯನ್ನು ಮುಂದೂಡಬಹುದೆಂದು 75(5) ಹೇಳುತ್ತದೆ, ಆದರೆ ಮೂರು ಬಾರಿಗಿಂತ ಹೆಚ್ಚು ಸಾಧ್ಯವಿಲ್ಲ. ಹೀಗಾಗಿ ಕಾಲಾವಕಾಶವನ್ನು ಸಣ್ಣಪುಟ್ಟ ಕಾರಣಕ್ಕೆ ಖರ್ಚು ಮಾಡಬೇಡಿ, ಮತ್ತು ಹೇಳಿದ ದಿನದೊಳಗೆ ನಿಜವಾದ ಉತ್ತರವನ್ನು ಕೊಟ್ಟೇ ತೀರಬೇಕು.

## ಹಂತ 5: ಅಂಚೆಯ ದಾಖಲೆಯನ್ನು ಎರಡು ದಾರಿಯಲ್ಲಿ ಕೇಳಿ

ಮೊದಲು `indiapost.gov.in` ತಾಣದಲ್ಲಿ ಲಕೋಟೆಯ ಸಂಖ್ಯೆ ಹಾಕಿ, ಬುಕ್ ಆದ ಕ್ಷಣದಿಂದ ಬಟವಾಡೆಯವರೆಗಿನ ಎಲ್ಲ ಸಾಲುಗಳು ಕಾಣುವಂತೆ ಪುಟವನ್ನು ಉಳಿಸಿಕೊಳ್ಳಿ. ಮುದ್ರಿಸುವಾಗ ಅಂದಿನ ದಿನಾಂಕ ಮತ್ತು ತಾಣದ ವಿಳಾಸ ಪುಟದ ಅಂಚಿನಲ್ಲಿ ಬರಲಿ. ಈ ಮಾಹಿತಿ ತಾಣದಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ, ಆದ್ದರಿಂದ ನಾಳೆ ನೋಡೋಣ ಎನ್ನಬೇಡಿ. `Item Delivered` ಎಂಬ ಸಾಲಿಗೆ ಮೊದಲು ಏನಿದೆ ಎಂಬುದನ್ನು ಗಮನವಿಟ್ಟು ಓದಿ. ಬಟವಾಡೆಗೆ ಹೊರಟ ಸಮಯ, ಬಾಗಿಲು ಹಾಕಿತ್ತು ಎಂಬ ನಮೂದು, ವಿಳಾಸ ಸಾಲದು ಎಂಬ ನಮೂದು, ಬೇರೊಂದು ಬಟವಾಡೆ ಕಚೇರಿಗೆ ಹೋಗಿ ಮರಳಿದ ಸಾಲು, ಇವೆಲ್ಲ ತಡದ ಕಾರಣವನ್ನು ತಾವೇ ಹೇಳುತ್ತವೆ. ಜಾಲತಾಣದ ಸಾಲು ಯಂತ್ರಕ್ಕೆ ನಮೂದಿಸಿದ ಸಮಯವನ್ನು ಹೇಳುತ್ತದೆ. ಕೈಗೆ ಕೊಟ್ಟದ್ದು ಯಾರಿಗೆ ಎಂಬುದು ಬಟವಾಡೆಯ ಸಹಿಯಿಂದ ಮಾತ್ರ ತಿಳಿಯುತ್ತದೆ.

ಆ ಸಹಿಯನ್ನು ಪಡೆಯಲು ಬಟವಾಡೆ ಮಾಡಿದ ಕಚೇರಿಯ ಪೋಸ್ಟ್‌ಮಾಸ್ಟರ್‌ಗೆ ಪತ್ರ ಬರೆಯಬೇಕು. ಆ ಕಚೇರಿ ನಿಮ್ಮ ಮನೆ ಹತ್ತಿರದ ಅಂಚೆ ಕಚೇರಿಯೇ ಆಗಿರಬೇಕೆಂದಿಲ್ಲ, ತಾಣದ ಪುಟದಲ್ಲಿರುವ ಹೆಸರನ್ನೇ ನೋಡಿ. ಲಕೋಟೆ ಆ ಕಚೇರಿಗೆ ಬಂದ ದಿನ, ಬಟವಾಡೆಗೆ ಪ್ರಯತ್ನಿಸಿದ ದಿನಗಳು ಮತ್ತು ಪ್ರತಿ ಬಾರಿಯ ಷರಾ, ಕೊನೆಗೆ ಸಹಿ ಹಾಕಿ ಪಡೆದವರ ಹೆಸರು, ಈ ಮೂರನ್ನು ಮಾತ್ರ ಕೇಳಿ. ಪೋಸ್ಟ್‌ಮ್ಯಾನ್ ಮೇಲೆ ದೂರು ಬರೆಯಬೇಡಿ. ಪಕ್ಕದ ಅಂಗಡಿಗೆ ಕೊಟ್ಟದ್ದು ಬಹುಮಟ್ಟಿಗೆ ಉಪಕಾರವೆಂದೇ ಆಗಿರುತ್ತದೆ, ಮತ್ತು ಶಿಕ್ಷೆಯ ಭಯ ಹುಟ್ಟಿಸಿದರೆ ನಿಮಗೆ ಬೇಕಾದ ಸತ್ಯವನ್ನು ಬರೆದುಕೊಡುವವರು ಯಾರೂ ಇರುವುದಿಲ್ಲ. ನಿಮ್ಮ ಪ್ರತಿಯ ಮೇಲೆ ಅವರ ಮೊಹರು ಪಡೆಯಿರಿ.

ಜೊತೆಗೇ `rtionline.gov.in` ಮೂಲಕ ಅಂಚೆ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ನನ್ನ ಲಕೋಟೆ ತಡವಾದದ್ದು ಏಕೆ" ಎಂದು ಕೇಳಿದರೆ ಅದು ವಿವರಣೆ ಕೇಳಿದಂತಾಗಿ ಅರ್ಜಿ ಬಿದ್ದುಹೋಗಬಹುದು. "ಈ ಸಂಖ್ಯೆಯ ಲಕೋಟೆಯ ಬಟವಾಡೆ ದಾಖಲೆ ಮತ್ತು ಪಡೆದವರ ಸಹಿಯ ಪ್ರತಿ" ಎಂದು ದಾಖಲೆಯನ್ನೇ ಕೇಳಬೇಕು. 7 ದಿನಗಳ ಗಡುವಿಗೆ ಈ ಉತ್ತರ ಒದಗುವುದಿಲ್ಲ, ನಿಜ. ಆದರೆ ವಿಚಾರಣೆಯಲ್ಲಿ ಅಥವಾ ಮೇಲ್ಮನವಿಯಲ್ಲಿ ಇದಕ್ಕಿಂತ ಗಟ್ಟಿಯಾದ ಕಾಗದ ಇನ್ನೊಂದಿಲ್ಲ. ಅರ್ಜಿಯ ನೋಂದಣಿ ಸಂಖ್ಯೆಯನ್ನು ಅಧಿಕಾರಿಗೆ ಕೊಡುವ ಉತ್ತರದಲ್ಲಿ ನಮೂದಿಸಿ.

## ಹಂತ 6: ಆ ದಿನ ನೀವು ಅಲ್ಲಿರಲಿಲ್ಲ, ಬೇರೊಬ್ಬರು ಪಡೆದರು ಎಂಬುದನ್ನು ತೋರಿಸಿ

ಅಂಚೆಯ ದಾಖಲೆ ಒಂದು ಕಡೆಯ ಚಿತ್ರವಾದರೆ ಇದು ಇನ್ನೊಂದು ಕಡೆಯದು. ನಮ್ಮ ಅಂಗಡಿಯವರ ಬಳಿ ಇದ್ದ ಒಳ್ಳೆಯ ದಾಖಲೆಯ ಬಗ್ಗೆ ಅವರಿಗೇ ಯೋಚನೆ ಬಂದಿರಲಿಲ್ಲ: ನೋಟಿಸಿಗೆ ಕಾರಣವಾದ ಅದೇ ಯುಪಿಐ ಖಾತೆಯ ವಿವರಪಟ್ಟಿ. ಜುಲೈ 10ರವರೆಗೆ ದಿನಕ್ಕೆ ಎಷ್ಟೋ ಸಣ್ಣ ಮೊತ್ತಗಳು ಜಮಾ ಆಗುತ್ತಿದ್ದ ಖಾತೆಯಲ್ಲಿ 11ರಿಂದ 14ರವರೆಗೆ ಅಂಗಡಿಯ ಕ್ಯೂಆರ್ ಕೋಡಿಗೆ ಒಂದು ರೂಪಾಯಿಯೂ ಬಂದಿಲ್ಲ, 15ರ ಬೆಳಿಗ್ಗೆಯಿಂದ ಮತ್ತೆ ಶುರುವಾಗಿದೆ. ಅಂಗಡಿ ಮುಚ್ಚಿತ್ತೆಂಬುದನ್ನು ಇಲಾಖೆ ತಾನೇ ನಂಬುವ ದಾಖಲೆಯಿಂದ ತೋರಿಸಿದಂತಾಯಿತು. ಅದರ ಜೊತೆಗೆ ಹೋಗಿಬಂದ ಬಸ್ ಟಿಕೆಟ್‌ಗಳು ಸೇರಿದರೆ ಸಾಕು.

ಎರಡನೆಯದು ಟೈಲರ್ ಅವರ ಹೇಳಿಕೆ. ಯಾವ ದಿನ, ಯಾವ ಹೊತ್ತಿಗೆ ಪೋಸ್ಟ್‌ಮ್ಯಾನ್ ಬಂದರು, ಪಕ್ಕದ ಅಂಗಡಿಯ ಬಾಗಿಲು ಹೇಗಿತ್ತು, ತಾವು ಸಹಿ ಹಾಕಿದರೋ ಇಲ್ಲವೋ, ಲಕೋಟೆಯನ್ನು ಎಲ್ಲಿಟ್ಟರು, ಯಾವಾಗ ಕೊಟ್ಟರು, ಫೋನ್ ಮಾಡಿ ತಿಳಿಸಿದ್ದರೋ ಇಲ್ಲವೋ ಎಂಬುದನ್ನೆಲ್ಲ ಅವರ ಮಾತಿನಲ್ಲೇ ಬರೆಸಿ ಸಹಿ ಪಡೆಯಿರಿ. ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. 11ರಂದೇ ಫೋನಿನಲ್ಲಿ ವಿಷಯ ತಿಳಿದಿದ್ದರೆ ಅದನ್ನು ಬಚ್ಚಿಡದೆ ಬರೆಯಬೇಕು. ಲಕೋಟೆ ಬಂದಿದೆ ಎಂದು ತಿಳಿಯುವುದಕ್ಕೂ ಅದರೊಳಗೆ ಏನಿದೆ ಎಂದು ತಿಳಿಯುವುದಕ್ಕೂ ವ್ಯತ್ಯಾಸವಿದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಈ ಹೇಳಿಕೆಯ ಸ್ಥಾನದಲ್ಲಿ ಗೇಟಿನ ವಹಿಯ ಪುಟ ಬರುತ್ತದೆ. ಆ ಸಾಲೊಂದನ್ನೇ ಅಲ್ಲ, ಮೇಲಿನ ಕೆಳಗಿನ ನಮೂದುಗಳು ಕಾಣುವಂತೆ ಇಡೀ ಪುಟದ ಫೋಟೊ ತೆಗೆಯಿರಿ.

ಸಿಸಿಟಿವಿ ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು, ಏಕೆಂದರೆ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ಬಂದು ಕೂರುತ್ತದೆ. ಯಂತ್ರದ ಗಡಿಯಾರ ಸರಿಯಾಗಿದೆಯೇ ಎಂದು ಅಂದೇ ನಿಮ್ಮ ಫೋನಿನ ಸಮಯದೊಂದಿಗೆ ಹೋಲಿಸಿ ಬರೆದಿಡಿ. ವಿಷಯ ಮುಂದೆ ನ್ಯಾಯಾಲಯಕ್ಕೆ ಹೋದರೆ ಇಂಥ ದೃಶ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ನಕಲು ತೆಗೆದುಕೊಟ್ಟವರ ಹೆಸರು ಮತ್ತು ದಿನವನ್ನು ಗುರುತು ಹಾಕಿಕೊಳ್ಳಿ.

ಎಲ್ಲವೂ ಕೈಗೆ ಬಂದ ಮೇಲೆ ನಿಮ್ಮ ಅಫಿಡವಿಟ್ ಬರೆಸಿ. ಅದು ಪ್ರಮಾಣ ಮಾಡಿ ಕೊಡುವ ಹೇಳಿಕೆ. ಒಂದು ದಿನಾಂಕವನ್ನು ಅನುಕೂಲಕ್ಕೆ ತಕ್ಕಂತೆ ಜರುಗಿಸಿದರೂ, ಬಟವಾಡೆಯ ಸಹಿ ಹೊರಬಂದ ದಿನ ನೋಟಿಸಿನ ತೆರಿಗೆಗಿಂತ ದೊಡ್ಡ ತೊಂದರೆ ಎದುರಾಗುತ್ತದೆ.

## ಹಂತ 7: ಒಂದು ಪುಟದ ದಿನಚರಿ ಜೋಡಿಸಿ ಉತ್ತರದೊಂದಿಗೆ ಸಲ್ಲಿಸಿ

ಅಧಿಕಾರಿಯ ಮೇಜಿನ ಮೇಲೆ ನೂರಾರು ಕಡತಗಳಿರುತ್ತವೆ. ಜುಲೈ 2, 9, 10, 11, 14, 15, 19 ಎಂದು ದಿನಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿ ದಿನದ ಎದುರಿಗೆ ನಡೆದದ್ದು ಮತ್ತು ಅದಕ್ಕೆ ಆಧಾರವಾದ ಅಡಕದ ಸಂಖ್ಯೆಯನ್ನು ಕೊಡಿ. ಆಧಾರವಿಲ್ಲದ ದಿನವಿದ್ದರೆ "ನನ್ನ ಹೇಳಿಕೆ" ಎಂದೇ ಬರೆಯಿರಿ. ಈ ಪುಟವನ್ನು ತೆರಿಗೆಯ ಬಗೆಗಿನ ನಿಮ್ಮ ನಿಜವಾದ ಉತ್ತರದ ಮೇಲಿಟ್ಟು ಸಲ್ಲಿಸಬೇಕು. ದಿನಾಂಕದ ವಾದವನ್ನಷ್ಟೇ ಕೊಟ್ಟು ವಹಿವಾಟಿನ ವಿಷಯದಲ್ಲಿ ಮೌನವಾಗಿದ್ದರೆ, ವಾದ ಗೆದ್ದರೂ ಉತ್ತರವಿಲ್ಲದ ನೋಟಿಸ್ ಹಾಗೆಯೇ ಉಳಿಯುತ್ತದೆ.

## ಆದೇಶ ಆಗಲೇ ಹೊರಬಿದ್ದಿದ್ದರೆ

ಆಗ ನೋಟಿಸಿನ ಲಕೋಟೆಯ ಜೊತೆಗೆ ಆದೇಶ ಬಂದ ಲಕೋಟೆಗೂ ಇದೇ ಕ್ರಮವನ್ನು ಮೊದಲಿನಿಂದ ಅನುಸರಿಸಬೇಕು, ಏಕೆಂದರೆ 107ನೇ ಕಲಮಿನ ಮೇಲ್ಮನವಿಗೆ ಇರುವ ಮೂರು ತಿಂಗಳು ಆದೇಶ ನಿಮಗೆ ತಿಳಿಸಲ್ಪಟ್ಟ ದಿನದಿಂದ ಶುರುವಾಗುತ್ತದೆ. ಸಕಾರಣವಿದ್ದರೆ ಮೇಲ್ಮನವಿ ಅಧಿಕಾರಿ ಇನ್ನೊಂದು ತಿಂಗಳವರೆಗೆ ವಿಳಂಬವನ್ನು ಮನ್ನಿಸಬಹುದು, ಅದರಾಚೆ ಅವರಿಗೂ ಅಧಿಕಾರವಿಲ್ಲ. ವಿವಾದಿತ ತೆರಿಗೆಯ ಶೇಕಡಾ 10ರಷ್ಟನ್ನು ಮುಂಗಡವಾಗಿ ಕಟ್ಟಬೇಕಾಗುವುದರಿಂದ ಹಣದ ವ್ಯವಸ್ಥೆಯನ್ನು ಮೊದಲ ವಾರದಲ್ಲೇ ಯೋಚಿಸಿ. ಮೇಲ್ಮನವಿಯ ಕಾರಣಗಳಲ್ಲಿ 19ರಂದು ಮೊಹರು ಹಾಕಿಸಿಕೊಂಡ ಆ ಒಂದು ಪುಟದ ಪತ್ರವನ್ನು ಮೊದಲ ಅಡಕವಾಗಿ ಇಡಿ: ಆದೇಶ ಬರೆಯುವಾಗ ಅದು ಅಧಿಕಾರಿಯ ಕಡತದಲ್ಲಿತ್ತು, ಆದರೂ ಆದೇಶದಲ್ಲಿ ಅದರ ಪ್ರಸ್ತಾಪವಿಲ್ಲ ಎಂಬುದನ್ನು ತೋರಿಸಲು ನಿಮಗಿರುವ ದಾಖಲೆ ಆ ಮೊಹರು.